ಪುರಾವೆ ಜನವರಿಯಲ್ಲಿ, ರಿಟರ್ನ್ಸ್ ಜೂನ್‌ನಲ್ಲಿ

ಜನವರಿ ಬಂತೆಂದರೆ ಸಂಬಳದಾರರಿಗೆ ಕಚೇರಿಯ ಲೆಕ್ಕಪತ್ರ ವಿಭಾಗದಿಂದ ತಾಕೀತು ಶುರುವಾಗುತ್ತದೆ: ಬಾಡಿಗೆ ರಸೀದಿ, ವಿಮೆ ಕಂತಿನ ಚೀಟಿ, ಗೃಹಸಾಲದ ಬಡ್ಡಿ ಪ್ರಮಾಣಪತ್ರ ಕೊಡಿ. ಇವನ್ನು ಸೇರಿಸಿ ತುಂಬುವ ಫಾರಂ 12ಬಿಬಿ ನೋಡಿಯೇ ಮಾಲೀಕರು ಫೆಬ್ರುವರಿ, ಮಾರ್ಚ್ ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂದು ತೀರ್ಮಾನಿಸುತ್ತಾರೆ. ರಿಟರ್ನ್ಸ್ ಸಲ್ಲಿಸುವ ಕೆಲಸ ನಿಜಕ್ಕೂ ಶುರುವಾಗುವುದು ಇಲ್ಲಿಂದಲೇ.

ಒಂದು ಲೆಕ್ಕ ನೋಡೋಣ. ಬೆಂಗಳೂರಿನ ಉದ್ಯೋಗಿಯೊಬ್ಬರ 2025-26ರ ಸಂಬಳ 15 ಲಕ್ಷ ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಮೂಲವೇತನ ಏಳೂವರೆ ಲಕ್ಷ, ಮನೆ ಬಾಡಿಗೆ ಭತ್ಯೆ 3 ಲಕ್ಷ. ತಿಂಗಳಿಗೆ 25,000 ಬಾಡಿಗೆ ಕಟ್ಟುತ್ತಾರೆ. ಹಾಸನದಲ್ಲಿ ತಂದೆತಾಯಿ ವಾಸವಿರುವ ಮನೆಯ ಸಾಲಕ್ಕೆ ವರ್ಷಕ್ಕೆ 2 ಲಕ್ಷ ಬಡ್ಡಿ ಹೋಗುತ್ತದೆ.

ಭತ್ಯೆಯ ವಿನಾಯಿತಿಗೆ ಮೂರು ಮೊತ್ತಗಳನ್ನು ಹೋಲಿಸಬೇಕು: ಸಿಕ್ಕ ಭತ್ಯೆ, ಮೂಲವೇತನದ ಶೇ 40 (ಆ ವರ್ಷ ಬೆಂಗಳೂರಿಗೆ ಇದೇ ಮಿತಿ), ಮತ್ತು ಕಟ್ಟಿದ ಬಾಡಿಗೆಯಲ್ಲಿ ಮೂಲವೇತನದ ಶೇ 10 ಕಳೆದು ಉಳಿಯುವುದು. ಇವರಿಗೆ ಮೊದಲೆರಡೂ 3 ಲಕ್ಷ, ಮೂರನೆಯದು 2.25 ಲಕ್ಷ. ಕಡಿಮೆಯದ್ದೇ ಲೆಕ್ಕಕ್ಕೆ ಬರುತ್ತದೆ. ಹಳೆಯ ಪದ್ಧತಿಯಲ್ಲಿ ಈ 2.25 ಲಕ್ಷ, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ ಅಡಿ ಒಂದೂವರೆ ಲಕ್ಷ, ಆರೋಗ್ಯ ವಿಮೆಯ 25,000, ಗೃಹಸಾಲದ ಬಡ್ಡಿ 2 ಲಕ್ಷ ಕಳೆದರೆ ತೆರಿಗೆಗೆ ಒಳಪಡುವುದು ಎಂಟೂವರೆ ಲಕ್ಷ. ವೃತ್ತಿ ತೆರಿಗೆಯಂಥ ಚಿಲ್ಲರೆ ಬಿಟ್ಟರೆ, ಸೆಸ್ ಸೇರಿ ತೆರಿಗೆ 85,800 ರೂಪಾಯಿ.

ಹೊಸ ಪದ್ಧತಿಯಲ್ಲಿ ಇವರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ಸಿಗುತ್ತದೆ. ಆದರೆ ದರಗಳು ಕಡಿಮೆ. ತೆರಿಗೆ 97,500. ಹಳೆಯದರಲ್ಲೇ 11,700 ಉಳಿತಾಯ.

ಈಗ ಬಾಡಿಗೆ ಪುರಾವೆ ಇಲ್ಲವೆಂದುಕೊಳ್ಳಿ. ಹಳೆಯ ಪದ್ಧತಿಯ ತೆರಿಗೆ 1,40,400ಕ್ಕೆ ಏರಿ, ಹೊಸದೇ ಲಾಭವಾಗುತ್ತದೆ. ಯಾವ ಪದ್ಧತಿ ಒಳ್ಳೆಯದೆಂಬುದು ಹೀಗೆ ಒಂದೇ ಕಾಗದದ ಮೇಲೆ ತಿರುಗಿಬೀಳಬಹುದು. ಆ ಕಾಗದದಲ್ಲಿ ತೊಡಕೂ ಇದೆ: ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮನೆ ಮಾಲೀಕರ ಪ್ಯಾನ್ ಸಂಖ್ಯೆಯನ್ನು ಕಚೇರಿಗೆ ಕೊಡಬೇಕು. ಕೆಲವು ಮಾಲೀಕರು ಕೊಡಲು ಹಿಂದೇಟು ಹಾಕುತ್ತಾರೆ. ಕರಾರು ಪತ್ರ ಬರೆಯುವಾಗಲೇ ಅದನ್ನು ಕೇಳಿ ಪಡೆದು, ಬಾಡಿಗೆಯನ್ನು ಬ್ಯಾಂಕ್ ಮೂಲಕ ಕಟ್ಟುತ್ತ ಬಂದವರಿಗೆ ಜನವರಿಯಲ್ಲಿ ಪರದಾಟವಿಲ್ಲ. ಕಚೇರಿಗೆ ಕೊಡಲಾಗದೆ ಹೋದ ಬಾಡಿಗೆ ರಸೀದಿಯನ್ನು ರಿಟರ್ನ್ಸ್‌ನಲ್ಲೂ ತೋರಿಸಬಹುದು. ಆದರೆ ಹೆಚ್ಚು ಹಿಡಿದ ತೆರಿಗೆ ಮರಳಿ ಬರುವವರೆಗೆ ಕಾಯಬೇಕು.

ಕಾಗದವೆಲ್ಲ ಕೈಯಲ್ಲಿದೆಯೆಂದು ಏಪ್ರಿಲ್‌ನಲ್ಲೇ ರಿಟರ್ನ್ಸ್ ಹಾಕುವುದು ಮಾತ್ರ ಜಾಣತನವಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಹಿಡಿದ ತೆರಿಗೆಯ ವಿವರವನ್ನು ಇಲಾಖೆಗೆ ಕೊಡಲು ಕಂಪನಿಗೂ ಬ್ಯಾಂಕಿಗೂ ಮೇ 31ರವರೆಗೆ ಸಮಯವಿದೆ. ಅಲ್ಲಿಯವರೆಗೆ ಇಲಾಖೆಯ ಪೋರ್ಟಲ್‌ನ 26ಎಎಸ್ ಮತ್ತು ಎಐಎಸ್ ಪಟ್ಟಿಗಳು ಅರೆಬರೆಯಾಗಿರುತ್ತವೆ. ಠೇವಣಿ ಬಡ್ಡಿ ಅಲ್ಲಿ ಕಾಣಲಿಲ್ಲವೆಂದು ಬಿಟ್ಟರೆ, ಅದು ಆಮೇಲೆ ಪಟ್ಟಿಗೆ ಸೇರಿದಾಗ ಇಲಾಖೆಯಿಂದ ಪ್ರಶ್ನೆ ಬರಬಹುದು. ಫಾರಂ 16 ಕೊಡಲು ಮಾಲೀಕರಿಗಿರುವ ಗಡುವು ಜೂನ್ 15. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ತೆಗೆದಿಟ್ಟು, ಜೂನ್ ಉತ್ತರಾರ್ಧದಲ್ಲಿ ಫಾರಂ 16, 26ಎಎಸ್, ಎಐಎಸ್ ಮೂರನ್ನೂ ತಾಳೆ ಹಾಕುವುದು ಸರಿಯಾದ ಕ್ರಮ. ಎಐಎಸ್‌ನಲ್ಲಿ ತಪ್ಪು ಕಂಡರೆ ಅಲ್ಲೇ ಆಕ್ಷೇಪ ದಾಖಲಿಸಬಹುದು. ಹಿಡಿದ ತೆರಿಗೆ ಕಡಿಮೆ ಕಂಡರೆ ಕಂಪನಿಯೇ ತನ್ನ ವಿವರವನ್ನು ತಿದ್ದಬೇಕು. ಅದಕ್ಕೆ ವಾರಗಳೇ ಹಿಡಿದರೂ ಜುಲೈ 31ರ ಗಡುವಿಗೆ ಮೊದಲು ಕಾಲಾವಕಾಶ ಉಳಿಯುತ್ತದೆ.

ಪುರಾವೆಗಳನ್ನು ರಿಟರ್ನ್ಸ್ ಜೊತೆ ಲಗತ್ತಿಸಬೇಕಿಲ್ಲ. ಆದರೆ 2025ರಿಂದ ಫಾರಂ ತುಂಬುವಾಗ ವಿಮೆಯ ಪಾಲಿಸಿ ಸಂಖ್ಯೆ, ಗೃಹಸಾಲದ ಖಾತೆ ಸಂಖ್ಯೆಯಂಥ ವಿವರಗಳನ್ನು ಕೇಳುತ್ತಾರೆ. ಅಂದಾಜಿನ ಮೊತ್ತ ಬರೆದು ಮುಗಿಸುವ ಹಾಗಿಲ್ಲ.

ಗಡುವು ತಪ್ಪಿದರೂ ಡಿಸೆಂಬರ್ 31ರವರೆಗೆ ರಿಟರ್ನ್ಸ್ ಹಾಕಬಹುದು. ಆದರೆ ಹಳೆಯ ಪದ್ಧತಿಯ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ನಮ್ಮ ಉದ್ಯೋಗಿ ಆಗ 97,500ರ ಲೆಕ್ಕಕ್ಕೇ ಒಳಪಡಬೇಕು. ಮೇಲೆ ತಡವಾದ ಶುಲ್ಕ 5,000. ಒಟ್ಟು 16,700 ರೂಪಾಯಿ ಹೆಚ್ಚು, ಬಡ್ಡಿ ಬೇರೆ.

ರಿಟರ್ನ್ಸ್ ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ದೃಢೀಕರಿಸಬೇಕು. ಜುಲೈ 20ಕ್ಕೆ ಸಲ್ಲಿಸಿ ಆಗಸ್ಟ್ 25ಕ್ಕೆ ದೃಢೀಕರಿಸಿದರೆ, ಸಲ್ಲಿಕೆಯ ದಿನಾಂಕ ಆಗಸ್ಟ್ 25 ಎಂದೇ ಇಲಾಖೆ ಪರಿಗಣಿಸುತ್ತದೆ. ಸಲ್ಲಿಸಿದ ದಿನವೇ ಆ ಒಟಿಪಿ ಹಾಕಿಬಿಡಿ.