ಬೇಗ ಕೊಟ್ಟವರಿಗೆ ರಿಯಾಯಿತಿ

‘ಹತ್ತು ದಿನದಲ್ಲಿ ಕೊಟ್ಟರೆ ಶೇ. 2 ರಿಯಾಯಿತಿ’ ಎಂದಷ್ಟೇ ಬರೆದರೆ ತಕರಾರು ಹುಟ್ಟುತ್ತದೆ. ಹತ್ತು ದಿನ ಯಾವತ್ತಿನಿಂದ? ಶೇ. 2 ಜಿಎಸ್‌ಟಿ ಸೇರಿಸಿಯೋ, ಬಿಟ್ಟೋ? ಇಮೇಲ್‌ನಲ್ಲಿ ತಾರೀಖು, ಮೊತ್ತ ಎರಡನ್ನೂ ನೇರವಾಗಿ ಬರೆಯಿರಿ. ಜೂನ್ 1ರ ಬಿಲ್ 50,000 ರೂಪಾಯಿ, ಜಿಎಸ್‌ಟಿ 9,000 ಎಂದುಕೊಳ್ಳಿ:

“ನಮಸ್ಕಾರ ಸರ್, ಬಿಲ್ ಲಗತ್ತಿಸಿದ್ದೇನೆ. ಜೂನ್ 11ರೊಳಗೆ ಹಣ ಪೂರ್ತಿ ನಮ್ಮ ಖಾತೆಗೆ ಜಮಾ ಆದರೆ, ಜಿಎಸ್‌ಟಿ ಬಿಟ್ಟ ಮೊತ್ತದ ಮೇಲೆ ಶೇ. 2, ಅಂದರೆ 1,000 ರೂಪಾಯಿ ರಿಯಾಯಿತಿ. 58,000 ಕಳಿಸಿದರೆ ಸಾಕು. ತಡವಾದರೆ ಜುಲೈ 1ರೊಳಗೆ 59,000. ಕಂತಿನಲ್ಲಿ ಕೊಟ್ಟರೆ ರಿಯಾಯಿತಿ ಇರುವುದಿಲ್ಲ.”

20 ದಿನ ಮುಂಚೆ ಹಣ ಪಡೆಯಲು 1,000 ಬಿಡುವುದೆಂದರೆ ವರ್ಷಕ್ಕೆ ಶೇ. 30ಕ್ಕೂ ಹೆಚ್ಚು ಬಡ್ಡಿ ಕಟ್ಟಿದಂತೆ. ಬ್ಯಾಂಕಿನ ಸಾಲ ಅದಕ್ಕಿಂತ ಅಗ್ಗಕ್ಕೆ ಸಿಗುವುದಾದರೆ, ತಡಮಾಡುವ ಗ್ರಾಹಕರಿಗೆ ಮಾತ್ರ ಈ ರಿಯಾಯಿತಿ ಕೊಡಿ.