ಜಾಣರೇ ತಪ್ಪಿದ ಪ್ರಶ್ನೆ

ಬಿ.ಎಸ್ಸಿ. ನರ್ಸಿಂಗ್ ತರಗತಿಯ ಒಂದು ಯೂನಿಟ್ ಟೆಸ್ಟಿನಲ್ಲಿ ಹೀಗೊಂದು ಪ್ರಶ್ನೆ ಇದೆ ಎಂದುಕೊಳ್ಳಿ: ‘ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ರೋಗಿ ಬೆವರುತ್ತಿದ್ದಾರೆ, ಕೈ ನಡುಗುತ್ತಿದೆ. ನರ್ಸ್ ಮೊದಲು ಏನು ಮಾಡಬೇಕು?’ ಕೊಟ್ಟಿರುವ ಉತ್ತರಗಳು ನಾಲ್ಕು: ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡುವುದು, ಗ್ಲುಕೋಸ್ ಕುಡಿಸುವುದು, ಡಾಕ್ಟರಿಗೆ ತಿಳಿಸುವುದು, ಇನ್ಸುಲಿನ್ ಕೊಡುವುದು. ಗ್ಲುಕೋಸ್ ಕುಡಿಸುವುದೇ ಸರಿ ಎಂದು ಮೇಡಂ ಕೀ ಉತ್ತರದಲ್ಲಿ ಬರೆದಿದ್ದಾರೆ. ಓದಲು ಪ್ರಶ್ನೆಯಲ್ಲಿ ದೋಷವೇನೂ ಕಾಣುವುದಿಲ್ಲ. ದೋಷ ಇದೆಯೋ ಇಲ್ಲವೋ ಎಂಬುದನ್ನು ಮಕ್ಕಳು ಬರೆದ ಉತ್ತರಗಳೇ ಹೇಳಬೇಕು. ಅದನ್ನು ಹೇಳಿಸುವ ಲೆಕ್ಕಕ್ಕೆ ‘ಐಟಂ ಅನಾಲಿಸಿಸ್’ ಎನ್ನುತ್ತಾರೆ.

ತರಗತಿಯಲ್ಲಿ 60 ಜನ ಇದ್ದಾರೆ ಎನ್ನೋಣ. ಮೊದಲು ಒಟ್ಟು ಅಂಕಗಳ ಪ್ರಕಾರ ಉತ್ತರಪತ್ರಿಕೆಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಬೇಕು. ಮೇಲಿನ ಶೇ. 27 ಒಂದು ಗುಂಪು, ಕೆಳಗಿನ ಶೇ. 27 ಇನ್ನೊಂದು, ಅಂದರೆ 16 ಪತ್ರಿಕೆ ಆ ಕಡೆ, 16 ಈ ಕಡೆ. ನಡುವಿನವನ್ನು ಬದಿಗಿಡುತ್ತಾರೆ. ಶೇ. 27 ಎಂಬ ಗಡಿಗೆ ಆಧಾರ ಒದಗಿಸಿದವರು ಅಮೆರಿಕದ ಟ್ರೂಮನ್ ಕೆಲ್ಲಿ, 1939ರಲ್ಲಿ. ಗುಂಪುಗಳು ಸಾಕಷ್ಟು ದೊಡ್ಡದಾಗಿಯೂ ಇರಬೇಕು, ಒಂದಕ್ಕೊಂದು ಸಾಕಷ್ಟು ದೂರದಲ್ಲಿಯೂ ಇರಬೇಕು. ಎರಡನ್ನೂ ಒಟ್ಟಿಗೆ ಹೊಂದಿಸುವ ಗಡಿ ಇದು.

ಈಗ ನಮ್ಮ ಪ್ರಶ್ನೆಗೆ ಬನ್ನಿ. ಕೀ ಉತ್ತರವನ್ನು ಮೇಲಿನ ಗುಂಪಿನಲ್ಲಿ 5 ಜನ, ಕೆಳಗಿನ ಗುಂಪಿನಲ್ಲಿ 9 ಜನ ಬರೆದಿದ್ದಾರೆ. ಎರಡನ್ನೂ ಕೂಡಿಸಿ 32ರಿಂದ ಭಾಗಿಸಿದರೆ ಸುಮಾರು ಶೇ. 44. ಇದು ಡಿಫಿಕಲ್ಟಿ ಇಂಡೆಕ್ಸ್. ಸಂಖ್ಯೆ ಹೆಚ್ಚಾದಷ್ಟೂ ಪ್ರಶ್ನೆ ಸುಲಭ ಎಂದರ್ಥ. ಶೇ. 30ರಿಂದ 70ರೊಳಗೆ ಇದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಶ್ನೆ ಯಾವ ಅಡ್ಡಿಯೂ ಇಲ್ಲದೆ ಪ್ರಶ್ನೆಬ್ಯಾಂಕಿಗೆ ಸೇರಿಬಿಡುತ್ತಿತ್ತು.

ಇನ್ನೊಂದು ಲೆಕ್ಕ ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರದ್ದು. 5ರಲ್ಲಿ 9 ಕಳೆದು 16ರಿಂದ ಭಾಗಿಸಿದರೆ ಮೈನಸ್ 0.25. ಇದು ಡಿಸ್ಕ್ರಿಮಿನೇಷನ್ ಇಂಡೆಕ್ಸ್. 0.40 ದಾಟಿದರೆ ಬಹಳ ಒಳ್ಳೆಯ ಪ್ರಶ್ನೆ, 0.20ಕ್ಕಿಂತ ಕಡಿಮೆಯಾದರೆ ತಿದ್ದಬೇಕು ಅಥವಾ ಕೈಬಿಡಬೇಕು ಎಂಬುದು ರೂಢಿ. ಮೈನಸ್ ಬಂದರೆ ಓದಿಕೊಂಡವರೇ ಹೆಚ್ಚು ತಪ್ಪಿದ್ದಾರೆ ಎಂದರ್ಥ. ಆಗ ಮೊದಲು ಅನುಮಾನಿಸಬೇಕಾದದ್ದು ಕೀ ಉತ್ತರವನ್ನು, ಆಮೇಲೆ ಪ್ರಶ್ನೆಯ ಮಾತುಗಳನ್ನು.

ಮೇಲಿನ ಗುಂಪಿನ 10 ಜನ ‘ಗ್ಲುಕೋಮೀಟರಿನಲ್ಲಿ ನೋಡುವುದು’ ಎಂದು ಬರೆದಿದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿದರೆ ಕಾರಣ ಹೊರಬರುತ್ತದೆ. ರೋಗಿಗೆ ಎಚ್ಚರವಿದೆಯೇ, ನುಂಗಲು ಆಗುತ್ತದೆಯೇ ಎಂದು ಪ್ರಶ್ನೆ ಹೇಳಿಲ್ಲ. ಗ್ಲುಕೋಮೀಟರ್ ಕೈಗೆ ಸಿಗುವಂತಿದೆಯೇ ಎಂಬುದೂ ಇಲ್ಲ. ಮೀಟರ್ ಇದ್ದರೆ ಕ್ಷಣದಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದೇ ವಾರ್ಡಿನ ಕ್ರಮ. ಇಲ್ಲದಿದ್ದರೆ ಕಾಯದೆ ಸಕ್ಕರೆ ಕೊಡಬೇಕು. ಹಾಗಾಗಿ ಜಾಗ್ರತೆಯಿಂದ ಯೋಚಿಸಿದವರಿಗೇ ಇಲ್ಲಿ ಅಂಕ ಹೋಗಿದೆ. ನನ್ನ ಮಟ್ಟಿಗೆ ಇದು ಸಣ್ಣ ಅನ್ಯಾಯವಲ್ಲ. ಸರಿಯಾದ ಅಭ್ಯಾಸವನ್ನೇ ತಪ್ಪು ಎಂದು ಗೀಟು ಹಾಕಿದರೆ ಆ ಮಕ್ಕಳು ಅದನ್ನು ವಾರ್ಡಿಗೂ ಹೊತ್ತುಕೊಂಡು ಹೋಗಬಹುದು.

ತಿದ್ದಿದ ಪ್ರಶ್ನೆ ಹೀಗಿರಬಹುದು: ‘ಗ್ಲುಕೋಮೀಟರ್ 54 ಮಿ.ಗ್ರಾಂ. ತೋರಿಸುತ್ತಿದೆ. ರೋಗಿಗೆ ಎಚ್ಚರವಿದೆ, ನುಂಗಬಲ್ಲರು. ಮೊದಲು ಏನು ಮಾಡಬೇಕು?’ ಈಗ 15 ಗ್ರಾಂ ಗ್ಲುಕೋಸ್ ಕುಡಿಸಿ 15 ನಿಮಿಷದ ಮೇಲೆ ಮತ್ತೆ ನೋಡುವುದೊಂದೇ ಸರಿಯುತ್ತರ. ‘ಇನ್ಸುಲಿನ್ ಕೊಡುವುದು’ ಎಂಬುದನ್ನು ಎರಡೂ ಗುಂಪಿನಲ್ಲಿ ಒಬ್ಬರೂ ಆರಿಸಿರಲಿಲ್ಲ. ಯಾರನ್ನೂ ಸೆಳೆಯದ ಆಯ್ಕೆ ಇದ್ದೂ ಇಲ್ಲದಂತೆಯೇ. ಅದರ ಜಾಗಕ್ಕೆ ‘ರಕ್ತನಾಳಕ್ಕೆ ಡೆಕ್ಸ್ಟ್ರೋಸ್ ಕೊಡುವುದು’ ಎಂದು ಹಾಕಬೇಕು. ಅರ್ಧ ಓದಿದವರು ನಿಜಕ್ಕೂ ಮಾಡುವ ತಪ್ಪು ಅದು. ಮುಂದಿನ ಬ್ಯಾಚಿನಲ್ಲಿ ಮೇಲಿನ 13 ಜನ, ಕೆಳಗಿನ 6 ಜನ ಸರಿ ಬರೆದರೆ ಅಂತರ 0.44 ಆಗುತ್ತದೆ, ಸುಲಭತೆ ಶೇ. 59ಕ್ಕೆ ಬರುತ್ತದೆ.

ಆದರೆ ಈ ಅಂಕಿಗಳಿಗೆ ತೀರಾ ಜೋತುಬೀಳಬಾರದು. 16 ಜನರ ಗುಂಪಿನಲ್ಲಿ ಒಬ್ಬರ ಉತ್ತರ ಬದಲಾದರೂ ಸೂಚ್ಯಂಕ 0.06ರಷ್ಟು ಸರಿಯುತ್ತದೆ. 0.19 ಬಂದ ಪ್ರಶ್ನೆಯನ್ನು ಕಿತ್ತೆಸೆದು 0.21 ಬಂದದ್ದನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಕೈ ತೊಳೆಯುವ ಕ್ರಮದ ಪ್ರಶ್ನೆಗೆ ಬಹುತೇಕ ಎಲ್ಲರೂ ಸರಿ ಬರೆದರೆ ಅಂತರ ಸೊನ್ನೆಯ ಹತ್ತಿರ ಬಂದೇ ಬರುತ್ತದೆ. ಹಾಗೆಂದು ಅದನ್ನು ತೆಗೆಯಬೇಕಿಲ್ಲ. ಅದು ಎಲ್ಲರಿಗೂ ಗೊತ್ತಿರಲೇಬೇಕಾದ ವಿಷಯ. ಗೊತ್ತಿದೆ ಎಂಬುದೇ ಅಲ್ಲಿ ಬೇಕಾದ ಫಲಿತಾಂಶ.

ಬರೆದು ಮುಗಿಸಿದ ಟೆಸ್ಟಿನ ಗತಿ? ಅಂಕ ಪ್ರಕಟಿಸುವ ಮುಂಚೆ ಆ ಎರಡೂ ಉತ್ತರಗಳಿಗೆ ಅಂಕ ಕೊಡಬೇಕು, ಇಲ್ಲವೇ ಪ್ರಶ್ನೆಯನ್ನು ಎಲ್ಲರ ಲೆಕ್ಕದಿಂದಲೂ ಬಿಡಬೇಕು. ಹಾಗೆ ಮಾಡಿದಾಗ ಒಟ್ಟು ಅಂಕಗಳು ಬದಲಾಗಿ, ಮೇಲಿನ 16ರೊಳಗೆ ಇದ್ದವರು ಕೆಲವರು ಕೆಳಕ್ಕೆ ಇಳಿಯಬಹುದು, ಹೊರಗಿದ್ದವರು ಒಳಬರಬಹುದು. ಆದ್ದರಿಂದ ಪತ್ರಿಕೆಗಳನ್ನು ಮತ್ತೆ ಜೋಡಿಸಿ, ಉಳಿದ ಪ್ರಶ್ನೆಗಳ ಲೆಕ್ಕವನ್ನೂ ಇನ್ನೊಮ್ಮೆ ಹಾಕಬೇಕು.