ಛೇದದಲ್ಲಿ ಕಾಣುವ ತಪ್ಪು

ಎರಡು ದಾಳಗಳನ್ನು ಒಟ್ಟಿಗೆ ಉರುಳಿಸಿದಾಗ ಮೊತ್ತ 8 ಬರುವ ಸಂಭವನೀಯತೆ ಎಷ್ಟು? ಹತ್ತನೆಯ ತರಗತಿಯ ಗಣಿತದಲ್ಲಿ ಪರಿಚಿತವಾದ ಈ ಪ್ರಶ್ನೆಗೆ ಬರುವ ತಪ್ಪು ಉತ್ತರಗಳು ಹೆಚ್ಚಾಗಿ ಮೂರು: 1/11, 3/21, 6/36. ಒಂದೊಂದೂ ಬೇರೆ ಬೇರೆ ಯೋಚನೆಯಿಂದ ಹುಟ್ಟಿದ್ದು. ಆದ್ದರಿಂದ ಮೂರಕ್ಕೂ ಒಂದೇ ಬಗೆಯಲ್ಲಿ ಕೆಂಪು ಗೀಟು ಎಳೆಯುವುದು ಸರಿಯಲ್ಲ.

1/11 ಬರೆದವರು 2ರಿಂದ 12ರವರೆಗಿನ ಹನ್ನೊಂದು ಮೊತ್ತಗಳಿಗೂ ಸಮಾನ ಅವಕಾಶವಿದೆ ಎಂದುಕೊಂಡಿರುತ್ತಾರೆ. ಅನುಕೂಲ ಫಲಿತಗಳನ್ನು ಒಟ್ಟು ಫಲಿತಗಳಿಂದ ಭಾಗಿಸುವ ಸೂತ್ರ ನಡೆಯುವುದು ಎಲ್ಲ ಫಲಿತಗಳೂ ಸಮಸಂಭವವಾಗಿದ್ದಾಗ ಮಾತ್ರ. 3/21 ಬರೆದವರು (2,6) ಮತ್ತು (6,2) ಒಂದೇ ಎಂದು ಎಣಿಸಿರುತ್ತಾರೆ. ಒಂದು ದಾಳ ಕೆಂಪು, ಇನ್ನೊಂದು ನೀಲಿ ಎಂದುಕೊಂಡರೆ ಅವು ಬೇರೆ ಬೇರೆ ಎಂಬುದು ಕಣ್ಣಿಗೇ ಕಾಣುತ್ತದೆ. ಇಂಥದೇ ತಪ್ಪನ್ನು ಮಹಾಗಣಿತಜ್ಞ ಲೈಬ್‌ನಿಟ್ಸ್ ಕೂಡ ಮಾಡಿದ್ದ. 11 ಮತ್ತು 12ಕ್ಕೆ ಸಮಾನ ಅವಕಾಶವಿದೆ ಎಂದು ನಂಬಿದ್ದ. 6/36 ಬರೆದವರು ಆರು ಸಾಲು, ಆರು ಕಂಬಗಳ ಕೋಷ್ಟಕದವರೆಗೆ ಸರಿಯಾಗಿ ಬಂದು, (4,4)ನ್ನು ಎರಡು ಸಲ ಎಣಿಸಿರುತ್ತಾರೆ. ಕೋಷ್ಟಕದಲ್ಲಿ ಅದಕ್ಕಿರುವುದು ಒಂದೇ ಮನೆ. (2,6), (3,5), (4,4), (5,3), (6,2), ಹೀಗೆ ಐದೇ ಮನೆಗಳು, ಉತ್ತರ 5/36. ಛೇದ 36 ಸರಿ ಬರೆದವರಿಗೆ ಆ ಹಂತದ ಅಂಕ ಸಲ್ಲಲೇಬೇಕು.

ಇಸ್ಪೀಟ್ ಎಲೆಗಳ ಲೆಕ್ಕದಲ್ಲಿ ಛೇದ 52 ಎಂಬುದು ಬಹುತೇಕ ಎಲ್ಲರಿಗೂ ಗೊತ್ತು. ಅಲ್ಲಿ ಎಡವುವುದು ಅಂಶದಲ್ಲಿ. ಕೆಂಪು ಎಲೆ ಅಥವಾ ರಾಜ ಬರುವ ಸಂಭವನೀಯತೆ ಕೇಳಿದರೆ 26ಕ್ಕೆ 4 ಕೂಡಿಸಿ 30/52 ಎಂದುಬಿಡುತ್ತಾರೆ. ಆಟೀನ್ ರಾಜ, ಡೈಮಂಡ್ ರಾಜ ಎರಡೂ 26ರಲ್ಲಿ ಆಗಲೇ ಸೇರಿವೆ. ಹೊಸದಾಗಿ ಸೇರುವುದು ಎರಡು ಕಪ್ಪು ರಾಜರು ಮಾತ್ರ. ಹಾಗಾಗಿ 28/52, ಅಂದರೆ 7/13. ಸಂಕ್ಷೇಪಿಸದೆ 28/52 ಎಂದು ಬಿಟ್ಟರೂ ಸಂಭವನೀಯತೆಯ ತಿಳಿವಳಿಕೆಯಲ್ಲಿ ಕೊರತೆಯೇನಿಲ್ಲ.

ಮಾಹಿತಿಯ ಕೋಷ್ಟಕ ಕೊಟ್ಟಾಗ ತಪ್ಪುವುದು ಓದಿನಲ್ಲಿ. ತರಗತಿಯೊಂದರಲ್ಲಿ 40 ಮಕ್ಕಳಿದ್ದಾರೆ ಎನ್ನೋಣ.

| | ಬಸ್ಸು | ನಡಿಗೆ | ಒಟ್ಟು |
|---|---|---|---|
| ಹುಡುಗಿಯರು | 12 | 6 | 18 |
| ಹುಡುಗರು | 8 | 14 | 22 |
| ಒಟ್ಟು | 20 | 20 | 40 |

ಹುಡುಗಿಯರಲ್ಲಿ ಒಬ್ಬಳನ್ನು ಆರಿಸಿದರೆ ಅವಳು ಬಸ್ಸಿನಲ್ಲಿ ಬರುವವಳಾಗಿರುವ ಸಂಭವನೀಯತೆ 12/18. 12/40 ಎಂದರೆ ಇಡೀ ತರಗತಿಯಿಂದ ಆರಿಸಿದಾಗ ಬಸ್ಸಿನಲ್ಲಿ ಬರುವ ಹುಡುಗಿಯೇ ಸಿಗುವ ಸಂಭವನೀಯತೆ. 12/20 ಎಂದರೆ ಬಸ್ಸಿನಲ್ಲಿ ಬರುವವರ ಪೈಕಿ ಆರಿಸಿದಾಗ ಹುಡುಗಿ ಸಿಗುವ ಸಂಭವನೀಯತೆ. ಎರಡೂ ಬೇರೆ ಪ್ರಶ್ನೆಗಳಿಗೆ ಸರಿಯುತ್ತರಗಳೇ. ಅದಕ್ಕೇ ಅಂಚಿನಲ್ಲಿ ‘ತಪ್ಪು’ ಎಂದಷ್ಟೇ ಬರೆಯುವ ಬದಲು ‘ಯಾರ ಪೈಕಿ ಆರಿಸಿದ್ದು?’ ಎಂದು ಶಿಕ್ಷಕರು ಬರೆಯಲಿ.